ಸಂದರ್ಶನ ಮುಗಿದ ಮೇಲೆ ಬರೆಯುವ ಧನ್ಯವಾದದ ಮೇಲ್: ಕಂಠಪಾಠದ ದನಿ ಬಾರದಂತೆ ಬರೆಯುವ ಬಗೆ

ಅಕ್ಕನ ಮಗಳು ತಿಪಟೂರು ಸೀಮೆಯ ಒಂದು ರೈತ ಉತ್ಪಾದಕರ ಕಂಪನಿಗೆ ಸಂದರ್ಶನಕ್ಕೆ ಹೋಗಿದ್ದಳು. ಸದಸ್ಯರಿಂದ ಕೊಬ್ಬರಿ ಕೊಂಡು, ಒಟ್ಟುಗೂಡಿಸಿ ಮಾರುವ ಕಂಪನಿ ಅದು. ಹುದ್ದೆ ಖರೀದಿ ಸಂಯೋಜಕಿಯದು. ಒಳಗೆ ಕುಳಿತಿದ್ದವರು ಮೂವರು: ಕಂಪನಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ, ನಿರ್ದೇಶಕರಲ್ಲೊಬ್ಬರಾದ ಹಿರಿಯ ರೈತ ಮತ್ತು ಲೆಕ್ಕ ನೋಡಿಕೊಳ್ಳುವ ಒಬ್ಬ ಮೇಡಂ. ಮುಕ್ಕಾಲು ಗಂಟೆ ಮಾತು ನಡೆಯಿತಂತೆ, ಬಹುಪಾಲು ಕನ್ನಡದಲ್ಲೇ. ಸಂಜೆ ಅವಳು ಫೋನ್ ಮಾಡಿ, "ಚಿಕ್ಕಮ್ಮ, ಧನ್ಯವಾದ ಹೇಳಿ ಒಂದು ಮೇಲ್ ಬರೆದಿದ್ದೇನೆ, ಕಳುಹಿಸುವ ಮುಂಚೆ ನೋಡಿ" ಎಂದಳು. ನಾನು ಒಂದು ಸ್ವಯಂಸೇವಾ ಸಂಸ್ಥೆಯ ನೇಮಕಾತಿ ಸಮಿತಿಯಲ್ಲಿ ಬಹಳ ಕಾಲ ಕುಳಿತವಳು. ಇಂತಹ ಮೇಲ್‌ಗಳನ್ನು ಓದಿ ಗೊತ್ತು. ಅವಳು ಕಳುಹಿಸಿದ್ದು ಹೀಗಿತ್ತು:

> ಮಾನ್ಯರೇ, ಈ ದಿನ ನನ್ನನ್ನು ಸಂದರ್ಶಿಸಲು ತಮ್ಮ ಅಮೂಲ್ಯವಾದ ಸಮಯವನ್ನು ನೀಡಿದ್ದಕ್ಕಾಗಿ ಹೃತ್ಪೂರ್ವಕ ಧನ್ಯವಾದಗಳು. ತಮ್ಮ ಸಂಸ್ಥೆಯ ಧ್ಯೇಯೋದ್ದೇಶಗಳ ಬಗ್ಗೆ ತಿಳಿದು ಅತೀವ ಸಂತೋಷವಾಯಿತು. ರೈತರ ಪಾವತಿ, ಕೊಬ್ಬರಿಯ ಗುಣಮಟ್ಟ ಹಾಗೂ ದಾಸ್ತಾನು ನಿರ್ವಹಣೆಯ ಕುರಿತು ನಡೆದ ಚರ್ಚೆಯು ಬಹಳ ಉಪಯುಕ್ತವಾಗಿತ್ತು. ನನ್ನ ಕೌಶಲ್ಯಗಳು ಈ ಹುದ್ದೆಗೆ ಸೂಕ್ತವಾಗಿವೆ ಎಂದು ನಂಬಿದ್ದೇನೆ. ತಮ್ಮ ಸಕಾರಾತ್ಮಕ ಪ್ರತಿಕ್ರಿಯೆಯ ನಿರೀಕ್ಷೆಯಲ್ಲಿ, ತಮ್ಮ ವಿಶ್ವಾಸಿ.

ವ್ಯಾಕರಣದ ತಪ್ಪಿಲ್ಲ, ವಿನಯಕ್ಕೆ ಕೊರತೆಯಿಲ್ಲ. ಸಂದರ್ಶನದಲ್ಲಿ ಬಂದ ಮೂರು ವಿಷಯಗಳನ್ನೂ ಹೆಸರಿಸಿದ್ದಾಳೆ. ಆದರೂ ಓದಿದರೆ ಯಾರೋ ಕೊಟ್ಟ ನಮೂನೆಯಲ್ಲಿ ಬಿಟ್ಟ ಸ್ಥಳ ತುಂಬಿದ ಹಾಗಿದೆ. ಏಕೆಂದರೆ ಆ ಮೂರನೆಯ ವಾಕ್ಯ ಮಾತುಕತೆಯ ನೆನಪಲ್ಲ, ಅದರ ಪರಿವಿಡಿ. "ರೈತರ ಪಾವತಿ" ಎಂಬ ಎರಡು ಪದಗಳನ್ನು ಹುದ್ದೆಯ ಜಾಹೀರಾತು ಓದಿದ ಯಾರೂ ಬರೆಯಬಹುದು. ಆ ಕೋಣೆಯಲ್ಲಿ ಕುಳಿತಿದ್ದವಳು ಮಾತ್ರ ಬರೆಯಬಲ್ಲದ್ದು ಒಂದೂ ಅದರಲ್ಲಿ ಇರಲಿಲ್ಲ.

ಈ ಮೇಲ್ ಅನ್ನು ಮರುದಿನ ಬೆಳಿಗ್ಗೆಯ ಹೊತ್ತಿಗೆ ಹೇಗೆ ತಿದ್ದಿದೆವು ಎಂಬುದನ್ನು ಅವಳ ಒಪ್ಪಿಗೆ ಪಡೆದು ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ಸಂದರ್ಶನ ಯಾವ ಕ್ಷೇತ್ರದ್ದಾದರೂ ಇದೇ ದಾರಿ ನಡೆಯುತ್ತದೆ.

ಗೇಟಿನಿಂದ ಹೊರಬಂದ ಕೂಡಲೇ ಬರೆದುಕೊಳ್ಳಿ

ಮೇಲ್ ಬರೆಯುವ ಕೆಲಸ ಶುರುವಾಗುವುದು ಸಂದರ್ಶನ ಮುಗಿದ ಮೊದಲ ಅರ್ಧ ಗಂಟೆಯಲ್ಲಿ. ಬಸ್ ನಿಲ್ದಾಣದಲ್ಲೋ ಚಹಾ ಅಂಗಡಿಯಲ್ಲೋ ಕುಳಿತು ಮೊಬೈಲಿನಲ್ಲಿ ಟಿಪ್ಪಣಿ ಮಾಡಿಕೊಳ್ಳಿ. ಆನ್‌ಲೈನ್ ಸಂದರ್ಶನವಾಗಿದ್ದರೆ ಪರದೆ ಮುಚ್ಚಿದ ಕೂಡಲೇ. ರಾತ್ರಿಯ ತನಕ ಬಿಟ್ಟರೆ ವಿಷಯಗಳು ಉಳಿಯುತ್ತವೆ, ಮಾತುಗಳು ಹೋಗುತ್ತವೆ. "ಪಾವತಿ ವಿಳಂಬದ ಬಗ್ಗೆ ಕೇಳಿದರು" ಎಂಬುದು ನೆನಪಿರುತ್ತದೆ. "ಷೇರು ಕೊಂಡವರೇ ಹರಾಜಿನ ದಿನ ಚೀಲ ಹೊತ್ತು ಮಂಡಿಗೆ ಹೋಗುತ್ತಾರೆ" ಎಂದು ಅವರು ಹೇಳಿದ ಬಗೆ ಮರೆತುಹೋಗುತ್ತದೆ. ಮೇಲ್‌ಗೆ ಬೇಕಾದದ್ದು ಈ ಎರಡನೆಯದು.

ಇಡೀ ಸಂದರ್ಶನವನ್ನು ಬರೆದುಕೊಳ್ಳಬೇಕಿಲ್ಲ. ಮೂರು ಪ್ರಶ್ನೆ ಹಾಕಿಕೊಂಡರೆ ಸಾಕು. ಅವರು ಯಾವ ವಿಷಯಕ್ಕೆ ಬಂದಾಗ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು, ಅಥವಾ ಕೇಳದೆಯೇ ಹೆಚ್ಚು ಮಾತನಾಡಿದರು? ಯಾವ ಪ್ರಶ್ನೆಗೆ ನನ್ನ ಉತ್ತರ ತೆಳುವಾಯಿತು? ಪ್ರಶ್ನೋತ್ತರದ ಆಚೆಗೆ, ಮನುಷ್ಯರು ಮನುಷ್ಯರೊಡನೆ ಆಡುವಂತಹ ಮಾತು ಯಾವುದು ಬಂತು? ಪ್ರತಿಯೊಂದಕ್ಕೂ ಒಂದೆರಡು ಸಾಲು, ಆದಷ್ಟೂ ಅವರದೇ ಪದಗಳಲ್ಲಿ, ಯಾರು ಹೇಳಿದ್ದು ಎಂಬುದರ ಸಮೇತ.

ಅವಳು ಟಿಪ್ಪಣಿ ಮಾಡಿಕೊಂಡಿರಲಿಲ್ಲ. ಹಾಗಾಗಿ ನಾನು ಫೋನಿನಲ್ಲೇ ಈ ಮೂರನ್ನೂ ಕೇಳಿದೆ. ಪುಣ್ಯಕ್ಕೆ ಇನ್ನೂ ಅದೇ ದಿನದ ಸಂಜೆಯಾಗಿತ್ತು.

ಮೊದಲನೆಯದಕ್ಕೆ ಅವಳು ತಡಮಾಡದೆ ಉತ್ತರಿಸಿದಳು. ಮುಖ್ಯಾಧಿಕಾರಿ ಬೇಸರದಿಂದ ಹೇಳಿದ ಮಾತು ಒಂದಿತ್ತು: ಸದಸ್ಯರು ಕಂಪನಿಯ ಷೇರು ಕೊಂಡಿದ್ದಾರೆ, ಆದರೂ ಕೊಬ್ಬರಿ ಮಾರುವಾಗ ಮಂಡಿಗೇ ಹೋಗುತ್ತಾರೆ, ಏಕೆಂದರೆ ಅಲ್ಲಿ ಹಣ ಕೂಡಲೇ ಸಿಗುತ್ತದೆ, ಕಂಪನಿಯಲ್ಲಿ ಎಂಟು ದಿನ ಕಾಯಬೇಕು. ಇದಕ್ಕೆ ಏನು ಮಾಡುತ್ತೀರಿ ಎಂದು ಕೇಳಿದಾಗ ಇವಳು "ತಿಳಿವಳಿಕೆ ಸಭೆ ನಡೆಸುತ್ತೇನೆ" ಎಂದಿದ್ದಳು. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರಂತೆ. ಉತ್ತರ ಸಾಲಲಿಲ್ಲ ಎಂದು ಅವಳಿಗೆ ಆಗಲೇ ಅನಿಸಿತ್ತು.

ಲೆಕ್ಕದ ಮೇಡಂ ಕೇಳಿದ್ದು ಬೇರೆ: ರೈತರಿಗೆ ಕೊಟ್ಟ ತೂಕದ ಚೀಟಿಗಳ ಮೊತ್ತಕ್ಕೂ ಗೋದಾಮಿನ ದಾಸ್ತಾನಿಗೂ ತಾಳೆಯಾಗದಿದ್ದರೆ ಮೊದಲು ಏನು ನೋಡುತ್ತೀರಿ? "ಬರೆಯುವಾಗ ತಪ್ಪಾಗಿದೆಯೇ ಎಂದು ನೋಡುತ್ತೇನೆ" ಎಂದಿದ್ದಳು. ಬಸ್ಸು ಹತ್ತಿದ ಮೇಲೆ, ಖಾಲಿ ಚೀಲದ ತೂಕವನ್ನು ಒಂದು ಕಡೆ ಕಳೆದು ಇನ್ನೊಂದು ಕಡೆ ಕಳೆಯದಿದ್ದರೂ ಹೀಗಾಗುತ್ತದೆ ಎಂಬುದು ಹೊಳೆಯಿತು.

ಇನ್ನು ಆ ಹಿರಿಯ ನಿರ್ದೇಶಕರು ಕೇಳಿದ್ದು ಒಂದೇ ಪ್ರಶ್ನೆ. "ಕಾಯಿ ಅಲುಗಿಸಿ ನೋಡಿದ್ದೀಯೇನಮ್ಮಾ?" ಆ ಕಡೆ ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡುತ್ತಾರೆ. ಒಳಗಿನ ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಾಗ ಕಾಯಿ ಅಲುಗಿಸಿದರೆ ಸದ್ದು ಬರುತ್ತದೆ. ಇವಳು ಮಂಡ್ಯದ ಕಡೆಯ ಹುಡುಗಿ, ಕಬ್ಬು ಮತ್ತು ಹಾಲಿನ ಊರಿನವಳು. "ಇಲ್ಲ" ಎಂದು ಇದ್ದದ್ದನ್ನು ಇದ್ದಂತೆಯೇ ಹೇಳಿದ್ದಳು. ಅವರು ನಕ್ಕು ಸುಮ್ಮನಾದರಂತೆ.

ಮೂರರಲ್ಲಿ ಒಂದನ್ನು ಆರಿಸುವುದು

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಗಮನವಿಟ್ಟು ಕೇಳಿದ್ದೇನೆ ಎಂದು ತೋರಿಸುವ ಹಂಬಲದಲ್ಲಿ ನೆನಪಿರುವುದನ್ನೆಲ್ಲ ಮೇಲ್‌ಗೆ ತುಂಬುತ್ತಾರೆ. ಐದು ವಿಷಯ ಬಂದರೆ ಒಂದೊಂದಕ್ಕೂ ಅರ್ಧ ವಾಕ್ಯ ಸಿಗುತ್ತದೆ, ಮತ್ತೆ ಅದು ಪರಿವಿಡಿಯಾಗುತ್ತದೆ. ಒಬ್ಬರಿಗೆ ಬರೆಯುವ ಮೇಲ್‌ನಲ್ಲಿ ಒಂದು ವಿಷಯ ಮುಖ್ಯವಾಗಿರಲಿ. ಜೊತೆಗೆ ಒಂದು ಸಣ್ಣ ಮಾತು ಬರಬಹುದು. ಅದಕ್ಕಿಂತ ಹೆಚ್ಚು ಬೇಡ.

ಯಾವುದನ್ನು ಆರಿಸಬೇಕು? ನಿಮಗೆ ಚೆನ್ನಾಗಿ ಉತ್ತರ ಬಂದದ್ದನ್ನಲ್ಲ. ಅದನ್ನು ಅವರು ಆಗಲೇ ಕೇಳಿದ್ದಾರೆ, ಮತ್ತೆ ಬರೆದರೆ ಬೆನ್ನು ತಟ್ಟಿಕೊಂಡ ಹಾಗಾಗುತ್ತದೆ. ಅವರಿಗೆ ಕಾಳಜಿಯಿರುವ, ನಿಮ್ಮ ತಲೆಯಲ್ಲಿ ಸಂದರ್ಶನದ ನಂತರವೂ ಓಡುತ್ತಲೇ ಇದ್ದ ವಿಷಯವನ್ನು ಆರಿಸಿ. ಈ ಎರಡನೆಯ ಷರತ್ತೇ ಮುಖ್ಯ. ಆಡಿದ ಮಾತನ್ನು ವರದಿಯಂತೆ ಒಪ್ಪಿಸಿದರೆ ದನಿ ಕೃತಕವಾಗುತ್ತದೆ. ಆ ಮಾತು ಹೊರಬಂದ ಮೇಲೆ ನಿಮ್ಮೊಳಗೆ ಏನು ಮಾಡಿತು ಎಂದು ಹೇಳಿದರೆ ಸಹಜವಾಗುತ್ತದೆ. ನಮೂನೆ ಪತ್ರದಲ್ಲಿ ಯಾರೂ ಸಿದ್ಧಪಡಿಸಿ ಇಡಲಾಗದ ಭಾಗ ಅದೊಂದೇ.

ಅವಳನ್ನು ಕೇಳಿದೆ: "ಆ ಪಾವತಿಯ ಪ್ರಶ್ನೆಗೆ ಈಗ ಏನು ಹೇಳುತ್ತೀಯೆ?" ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನಮ್ಮ ಮನೆಯಲ್ಲೂ ಡೇರಿಗೆ ಹಾಲು ಹಾಕಿದ ದಿನವೇ ದುಡ್ಡು ಬರುವುದಿಲ್ಲ ಚಿಕ್ಕಮ್ಮ. ಆದರೆ ಅಮ್ಮ ಯಾವತ್ತೂ ಗೊಣಗಿಲ್ಲ. ಬಟವಾಡೆ ಯಾವತ್ತು ಅಂತ ಗೊತ್ತಲ್ಲ, ಅಂಗಡಿಯವನಿಗೂ ಅವತ್ತು ಕೊಡುತ್ತೇನೆ ಅಂದುಬಿಡುತ್ತಾಳೆ. ಇಲ್ಲಿ ಪ್ರಾಯಶಃ ಎಂಟು ದಿನ ಆಗುವುದು ಕಷ್ಟವಲ್ಲ, ಎಂಟೋ ಹದಿನೈದೋ ಗೊತ್ತಿಲ್ಲದೆ ಇರುವುದು ಕಷ್ಟ."

ಬರೆಯಬೇಕಾದದ್ದು ಅದೇ ಎಂದೆ. ಅವಳಿಗೆ ಆಶ್ಚರ್ಯ. ಡೇರಿಯ ಮಾತನ್ನು ಮೇಲ್‌ನಲ್ಲಿ ಬರೆದರೆ ಹಗುರವಾಗುವುದಿಲ್ಲವೇ ಎಂಬ ಅಳುಕು. ಆಗುವುದಿಲ್ಲ. ಕೇಳಿದವರ ಚಿಂತೆಗೆ ತಾನು ಕಂಡುಂಡದ್ದರಿಂದಲೇ ಒಂದು ಎಳೆ ಜೋಡಿಸಿದ್ದಾಳೆ. ಅದು ಬೇರೆ ಯಾವ ಅಭ್ಯರ್ಥಿಯ ಮೇಲ್‌ನಲ್ಲೂ ಇರಲು ಸಾಧ್ಯವಿಲ್ಲ.

ಒಂದು ಎಚ್ಚರಿಕೆ. ಕೋಣೆಯೊಳಗೆ ಅವರು ವಿಶ್ವಾಸದಿಂದ ಹೇಳಿದ ಕೆಲವು ಮಾತುಗಳಿರುತ್ತವೆ: ಹಿಂದಿನವರು ಏಕೆ ಬಿಟ್ಟುಹೋದರು, ಯಾರಿಗೂ ಯಾರಿಗೂ ಸರಿಹೋಗುವುದಿಲ್ಲ, ಯಾವ ವ್ಯಾಪಾರಿ ಕೈಕೊಟ್ಟ. ಅವು ಎಷ್ಟೇ ನಿರ್ದಿಷ್ಟವಾಗಿದ್ದರೂ ಮೇಲ್‌ಗೆ ತರಬೇಡಿ. ನಿಮ್ಮ ಮೇಲ್ ಆ ಕಚೇರಿಯಲ್ಲಿ ಇನ್ನೂ ನಾಲ್ವರಿಗೆ ಹೋಗಬಹುದು. ಹೇಳಿದವರನ್ನು ಅದು ಇಕ್ಕಟ್ಟಿಗೆ ಸಿಲುಕಿಸುತ್ತದೆ.

ವಾಕ್ಯಗಳನ್ನು ಕಟ್ಟುವುದು

ಕನ್ನಡದಲ್ಲಿ ಬರೆಯುವಾಗ ಕಂಠಪಾಠದ ದನಿ ಎರಡು ಕಡೆಯಿಂದ ನುಸುಳುತ್ತದೆ. ಒಂದು, ಶಾಲೆಯಲ್ಲಿ ಕಲಿತ ಅರ್ಜಿಯ ಭಾಷೆ: ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ, ತಮ್ಮ ವಿಶ್ವಾಸಿ. ತಹಶೀಲ್ದಾರರಿಗೆ ಅರ್ಜಿ ಬರೆಯುವಾಗ ಅದಕ್ಕೆ ಅದರ ಜಾಗವಿದೆ. ಮುಕ್ಕಾಲು ಗಂಟೆ ಎದುರಿಗೆ ಕುಳಿತು ಮಾತನಾಡಿದವರಿಗೆ ಅದನ್ನು ಬರೆದರೆ ನಡುವೆ ಒಂದು ಗೋಡೆ ಎದ್ದ ಹಾಗಾಗುತ್ತದೆ. ಇನ್ನೊಂದು, ಇಂಗ್ಲಿಷ್ ನಮೂನೆಗಳಿಂದ ಬಂದದ್ದು: ಅಮೂಲ್ಯ ಸಮಯ, ಸಕಾರಾತ್ಮಕ ಪ್ರತಿಕ್ರಿಯೆ, ನನ್ನ ಕೌಶಲ್ಯಗಳು ಸೂಕ್ತವಾಗಿವೆ. ಅವಳ ಮೊದಲ ಕರಡಿನಲ್ಲಿ ಎರಡೂ ಬೆರೆತಿದ್ದವು.

ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳ. ಮೊದಲು ಬರೆಯಬೇಡಿ, ಹೇಳಿ. ಮನೆಯವರಿಗೋ ಗೆಳೆಯರಿಗೋ ಫೋನ್ ಮಾಡಿ "ಅವರು ಹೀಗಂದರು, ನನಗೆ ಆಮೇಲೆ ಹೀಗನ್ನಿಸಿತು" ಎಂದು ಹೇಳಿ. ಬಾಯಿಂದ ಬಂದ ಆ ಎರಡು ಮೂರು ವಾಕ್ಯಗಳನ್ನು ಹಾಗೇ ಬರೆದುಕೊಂಡು, ಆಡುಮಾತಿನ ರೂಪಗಳನ್ನಷ್ಟೇ ಬರಹಕ್ಕೆ ತನ್ನಿ. ವಾಕ್ಯಗಳ ಅನುಕ್ರಮವನ್ನು ಬದಲಿಸಬೇಡಿ. ಜನ ಬಾಯಲ್ಲಿ ಹೇಳುವಾಗ ಮೊದಲು ಎದುರಿನವರ ಮಾತು, ಆಮೇಲೆ ತಮ್ಮ ಉತ್ತರ, ಆಮೇಲೆ ಹೊಳೆದದ್ದು ಎಂಬ ಕ್ರಮದಲ್ಲೇ ಹೇಳುತ್ತಾರೆ. ಮೇಲ್‌ಗೂ ಅದೇ ಸರಿಯಾದ ಕ್ರಮ.

ಸಂಬೋಧನೆ ಸಂದರ್ಶನದಲ್ಲಿ ಇದ್ದಂತೆಯೇ ಇರಲಿ. ಅಲ್ಲಿ ಸರ್, ಮೇಡಂ ಎಂದಿದ್ದರೆ ಇಲ್ಲೂ ಅದೇ. ಅಲ್ಲಿ "ನೀವು" ಎಂದು ಮಾತನಾಡಿ ಇಲ್ಲಿ "ತಮ್ಮ ಘನ ಸನ್ನಿಧಿಗೆ" ಎಂದರೆ ಬರೆದವರು ಬೇರೆ ಯಾರೋ ಅನ್ನಿಸುತ್ತದೆ.

ಎರಡು ಸುತ್ತು ತಿದ್ದಿದ ಮೇಲೆ ಅವಳ ಮೇಲ್ ಹೀಗಾಯಿತು:

> ವಿಷಯ: ಖರೀದಿ ಸಂಯೋಜಕಿ ಹುದ್ದೆಯ ಸಂದರ್ಶನ – ಧನ್ಯವಾದ, ಬಟವಾಡೆ ದಿನದ ಬಗ್ಗೆ ಒಂದು ಮಾತು
>
> ನಮಸ್ಕಾರ ಸರ್,
>
> ನಿನ್ನೆ ಅಷ್ಟು ಹೊತ್ತು ಕುಳಿತು ಮಾತನಾಡಿದ್ದಕ್ಕೆ ಧನ್ಯವಾದ.
>
> ಷೇರು ಕೊಂಡ ಸದಸ್ಯರೇ ಹರಾಜಿನ ದಿನ ಮಂಡಿಗೆ ಹೋಗುತ್ತಾರೆ ಎಂದು ನೀವು ಹೇಳಿದಾಗ, ತಿಳಿವಳಿಕೆ ಸಭೆ ನಡೆಸಬಹುದು ಎಂದಿದ್ದೆ. ಆಮೇಲೆ ಯೋಚಿಸಿದಾಗ ಆ ಉತ್ತರ ಸಾಲದು ಅನ್ನಿಸಿತು. ನಮ್ಮ ಮನೆಯವರು ಡೇರಿಗೆ ಹಾಲು ಹಾಕುತ್ತಾರೆ. ಅಲ್ಲಿಯೂ ಹಣ ಅದೇ ದಿನ ಬರುವುದಿಲ್ಲ. ಆದರೆ ಬಟವಾಡೆ ಯಾವ ದಿನ ಎಂದು ಅಮ್ಮನಿಗೆ ಗೊತ್ತಿರುತ್ತದೆ, ಹಾಗಾಗಿ ಕಾಯುವುದು ಕಷ್ಟವಾಗುವುದಿಲ್ಲ. ನಿಮ್ಮ ಸದಸ್ಯರಿಗೆ ತೊಂದರೆಯಾಗುತ್ತಿರುವುದು ಎಂಟು ದಿನ ಕಾಯುವುದರಿಂದಲೋ, ಎಷ್ಟು ದಿನ ಎಂದು ಖಚಿತವಾಗಿ ಗೊತ್ತಿಲ್ಲದಿರುವುದರಿಂದಲೋ? ಕೆಲಸ ಸಿಕ್ಕರೆ ಮೊದಲ ತಿಂಗಳಲ್ಲಿ ಹತ್ತು ಮನೆಗಳಿಗೆ ಹೋಗಿ ಇದನ್ನು ಕೇಳಿ ತಿಳಿಯಬೇಕು ಎಂದುಕೊಂಡಿದ್ದೇನೆ.
>
> ನಿರ್ದೇಶಕರಿಗೆ ದಯವಿಟ್ಟು ಒಂದು ಮಾತು ತಿಳಿಸಿ: ನಿನ್ನೆ ರಾತ್ರಿ ಗೆಳತಿಯ ಮನೆಯ ಅಟ್ಟ ಹತ್ತಿ ಕಾಯಿ ಅಲುಗಿಸಿ ನೋಡಿದೆ. ಒಣಗಿದ ಕಾಯಿಯ ಸದ್ದು ಈಗ ಗೊತ್ತು.
>
> ಎರಡು ವಾರದಲ್ಲಿ ತಿಳಿಸುವುದಾಗಿ ಹೇಳಿದ್ದೀರಿ. ಅಷ್ಟರಲ್ಲಿ ಯಾವುದಾದರೂ ದಾಖಲೆ ಬೇಕಿದ್ದರೆ ಕಳುಹಿಸುತ್ತೇನೆ.
>
> ಇಂತಿ,
> (ಹೆಸರು, ಮೊಬೈಲ್ ಸಂಖ್ಯೆ)

ಇದರಲ್ಲಿ ನೂರು ಪದಗಳ ಆಸುಪಾಸು ಇದೆ. ಕನ್ನಡದಲ್ಲಿ ಅಷ್ಟು ಸಾಕು. ಇಂಗ್ಲಿಷಿನಲ್ಲಾದರೆ ನೂರೈವತ್ತರ ಸುಮಾರಿಗೆ ಬರುತ್ತದೆ. ಮೊಬೈಲಿನಲ್ಲಿ ಒಂದೆರಡು ಬಾರಿ ಬೆರಳಾಡಿಸುವುದರೊಳಗೆ ಮುಗಿಯಬೇಕು.

ಧನ್ಯವಾದಕ್ಕೆ ಒಂದೇ ಸಾಲು ಇರುವುದನ್ನು ಗಮನಿಸಿ. ಹೃತ್ಪೂರ್ವಕ, ಅತೀವ ಎಂಬ ವಿಶೇಷಣಗಳು ಹೋದವು. "ನನ್ನ ಕೌಶಲ್ಯಗಳು ಸೂಕ್ತ" ಎಂಬ ವಾಕ್ಯವೂ ಹೋಯಿತು. ಅದರ ಜಾಗದಲ್ಲಿ ಹತ್ತು ಮನೆಗಳಿಗೆ ಹೋಗುವ ಮಾತು ಬಂತು. ಅವಳು ಮೊದಲು "ಪ್ರತಿ ಹಂತದಲ್ಲೂ ರೈತರಿಗೆ ಮೊಬೈಲ್ ಸಂದೇಶ ಕಳುಹಿಸುವ ವ್ಯವಸ್ಥೆ ಮಾಡಬಹುದು" ಎಂದು ಬರೆದಿದ್ದಳು. ಅದನ್ನು ನಾನು ತೆಗೆಸಿದೆ. ಮುಕ್ಕಾಲು ಗಂಟೆ ಮಾತ್ರ ಆ ಕಂಪನಿಯನ್ನು ನೋಡಿದವಳು ಪರಿಹಾರ ಹೇಳಿದರೆ, ವರ್ಷಗಟ್ಟಲೆ ಅದರಲ್ಲಿ ಮುಳುಗಿರುವವರಿಗೆ ಅದು ಆತುರವಾಗಿ ಕಾಣಬಹುದು. ಅವರು ಅದನ್ನು ಆಗಲೇ ಮಾಡಿ ಬಿಟ್ಟಿರಲೂಬಹುದು. ಪ್ರಶ್ನೆಯಾಗಿ ಕೇಳಿದರೆ ಆ ಅಪಾಯವಿಲ್ಲ, ಯೋಚನೆಯ ದಿಕ್ಕು ಮಾತ್ರ ಗೊತ್ತಾಗುತ್ತದೆ.

ಅಟ್ಟ ಹತ್ತಿದ ಮಾತಿನ ಬಗ್ಗೆಯೂ ಹೇಳಬೇಕು. ಅಂದು ರಾತ್ರಿ ಅವಳು ಉಳಿದುಕೊಂಡಿದ್ದು ತಿಪಟೂರಿನ ಹತ್ತಿರದ ಗೆಳತಿಯ ಮನೆಯಲ್ಲಿ. ಊಟವಾದ ಮೇಲೆ ಗೆಳತಿಯ ಅಜ್ಜಿ ಟಾರ್ಚ್ ಹಿಡಿದು ಏಣಿಯ ಕೆಳಗೆ ನಿಂತರಂತೆ. ಇವಳು ಮೇಲೆ ಹತ್ತಿ ಒಂದೊಂದೇ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಳು. ಕೆಲವು ಇನ್ನೂ ಭಾರವಾಗಿ, ಮೂಕವಾಗಿದ್ದವು. ಕೆಲವದರಲ್ಲಿ ಉಂಡೆ ಚಿಪ್ಪಿಗೆ ತಾಗುವ ಸದ್ದು ಸ್ಪಷ್ಟವಾಗಿತ್ತು. ಮೇಲ್‌ನಲ್ಲಿ ಇದೆಲ್ಲ ಬೇಕಿಲ್ಲ, ಒಂದು ಸಾಲು ಸಾಕು. ಆದರೆ ಆ ಸಾಲು ನಿಲ್ಲುವುದು ನಿಜವಾಗಿಯೂ ಹತ್ತಿದ್ದರಿಂದ. ಮಾಡದ್ದನ್ನು ಮಾಡಿದೆ ಎಂದು ದಯವಿಟ್ಟು ಬರೆಯಬೇಡಿ. ಅವರು ಹೇಳಿದ ವರದಿಯನ್ನು ಓದಿದೆ ಎಂದು ಬರೆದು, ಮುಂದಿನ ಸುತ್ತಿನಲ್ಲಿ "ಅದರಲ್ಲಿ ಏನು ಹಿಡಿಸಿತು?" ಎಂಬ ಪ್ರಶ್ನೆಗೆ ತಡವರಿಸಿದವರನ್ನು ನಾನು ಮೇಜಿನ ಈಚೆಯಿಂದ ಕಂಡಿದ್ದೇನೆ. ಅಲ್ಲಿಯ ತನಕ ಒಳ್ಳೆಯ ಹೆಸರಿದ್ದ ಅಭ್ಯರ್ಥಿಗೆ ಆಮೇಲೆ ಆ ಕೋಣೆಯಲ್ಲಿ ಉಸಿರು ಕಟ್ಟಿತು.

ತಪ್ಪಿದ ಉತ್ತರವನ್ನು ತಿದ್ದುವುದು

ಲೆಕ್ಕದ ಮೇಡಂಗೆ ಬೇರೆಯೇ ಮೇಲ್ ಹೋಯಿತು. ಒಂದೇ ಕಚೇರಿಯ ಇಬ್ಬರಿಗೆ ಹೆಸರು ಮಾತ್ರ ಬದಲಿಸಿ ಒಂದೇ ಪಠ್ಯ ಕಳುಹಿಸಿದರೆ, ಅವರು ಆಯ್ಕೆಯ ಬಗ್ಗೆ ಮಾತನಾಡಲು ಕುಳಿತಾಗ ಅದು ಖಂಡಿತ ಗೊತ್ತಾಗುತ್ತದೆ. ಆಗ ಅದುವರೆಗೆ ಸಹಜವಾಗಿ ಕಂಡ ಸಾಲುಗಳೂ ನಮೂನೆಯಾಗಿ ಕಾಣತೊಡಗುತ್ತವೆ.

> ನಮಸ್ಕಾರ ಮೇಡಂ, ನಿನ್ನೆಯ ಸಂದರ್ಶನಕ್ಕೆ ಧನ್ಯವಾದ. ಚೀಟಿ ಮತ್ತು ದಾಸ್ತಾನು ತಾಳೆಯಾಗದಿದ್ದರೆ ಬರಹದ ತಪ್ಪು ಹುಡುಕುತ್ತೇನೆ ಎಂದಿದ್ದೆ. ಅದಕ್ಕೂ ಮೊದಲು ಖಾಲಿ ಚೀಲದ ತೂಕವನ್ನು ಎರಡೂ ಕಡೆ ಒಂದೇ ರೀತಿ ಕಳೆಯಲಾಗಿದೆಯೇ ಎಂದು ನೋಡಬೇಕಿತ್ತು, ಆಗ ಹೊಳೆಯಲಿಲ್ಲ. ಆ ಪ್ರಶ್ನೆಯಿಂದ ಕಲಿತೆ.

ಇಷ್ಟೇ. ತಪ್ಪು ತಿದ್ದುವಾಗ ಕ್ಷಮೆ ಕೇಳುವ ಅಗತ್ಯವಿಲ್ಲ, ಗಾಬರಿಯಾಗಿದ್ದೆ ಎಂಬ ಸಮಜಾಯಿಷಿಯೂ ಬೇಡ. ಹಿಂದೆ ಹೇಳಿದ್ದು ಏನು, ಈಗ ಹೇಳುವುದು ಏನು, ಎರಡೇ ಸಾಲು. ಒಂದು ತಪ್ಪನ್ನು ಮಾತ್ರ ತಿದ್ದಿ. ಮೂರು ನಾಲ್ಕು ಉತ್ತರ ತಿದ್ದಲು ಹೊರಟರೆ ಉತ್ತರಪತ್ರಿಕೆ ವಾಪಸ್ ಪಡೆದು ಬರೆದ ಹಾಗಾಗುತ್ತದೆ. ಅವರು ಗಮನಿಸಿಯೇ ಇರದ ಸಣ್ಣ ತಪ್ಪನ್ನು ನೀವಾಗಿ ಎತ್ತಿ ತೋರಿಸುವುದೂ ಬೇಡ. ಕೆಲಸಕ್ಕೆ ನೇರವಾಗಿ ಸಂಬಂಧಪಟ್ಟ, ಅವರು ಮತ್ತೆ ಕೇಳಿದಂತಹ ಪ್ರಶ್ನೆಯಾದರೆ ಮಾತ್ರ ತಿದ್ದಿ.

ಯಾರಿಗೆ, ಯಾವಾಗ

ಸಂದರ್ಶಕರ ವಿಳಾಸ ನಿಮ್ಮ ಬಳಿ ಇಲ್ಲದಿದ್ದರೆ ಊಹಿಸಿ ಕಳುಹಿಸಬೇಡಿ, ಎಲ್ಲಿಂದಲೋ ಮೊಬೈಲ್ ಸಂಖ್ಯೆ ಹುಡುಕಿ ವಾಟ್ಸ್‌ಆ್ಯಪ್ ಮಾಡಲೇಬೇಡಿ. ಸಂದರ್ಶನದ ದಿನಾಂಕ ತಿಳಿಸಿದ್ದವರ ಮೇಲ್‌ಗೆ ಉತ್ತರವಾಗಿ ಬರೆದು, ಇದನ್ನು ಇಂಥವರಿಗೆ ತಲುಪಿಸಿ ಎಂದು ಕೇಳಿಕೊಳ್ಳಿ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಸಂದರ್ಶಕರ ವಿಳಾಸವನ್ನು ಕೊಡದಿರುವುದೂ ಉಂಟು. ಅಲ್ಲಿ ಎಲ್ಲವೂ ಮಾನವ ಸಂಪನ್ಮೂಲ ವಿಭಾಗದ ಮೂಲಕವೇ ಹೋಗಲಿ.

ಹೊತ್ತು: ಅದೇ ದಿನ ಸಂಜೆ ಅಥವಾ ಮರುದಿನ ಬೆಳಿಗ್ಗೆ. ಸಂದರ್ಶನ ಮುಗಿದ ಹತ್ತು ನಿಮಿಷಕ್ಕೇ ಮೇಲ್ ಬಂದರೆ ಮೊದಲೇ ಬರೆದಿಟ್ಟಿದ್ದರು ಎಂದು ಓದುವವರಿಗೆ ಅನ್ನಿಸುತ್ತದೆ. ಮೂರು ದಿನ ಬಿಟ್ಟರೆ ಅಷ್ಟರಲ್ಲಿ ಅವರು ಕುಳಿತು ತೀರ್ಮಾನಿಸಿರಬಹುದು. ರಾತ್ರಿ ಹನ್ನೆರಡಕ್ಕೆ ಬರೆದು ಮುಗಿಸಿದರೆ ಜಿಮೇಲ್‌ನ Schedule send ಒತ್ತಿ ಬೆಳಿಗ್ಗೆ ಎಂಟೂವರೆಗೋ ಒಂಬತ್ತಕ್ಕೋ ಹೋಗುವಂತೆ ಇಡಿ. ಅದಕ್ಕಿಂತ ಒಳ್ಳೆಯದು ಬೆಳಿಗ್ಗೆ ಎದ್ದು ಇನ್ನೊಮ್ಮೆ ಗಟ್ಟಿಯಾಗಿ ಓದಿ ಕಳುಹಿಸುವುದು. To ಎಂಬಲ್ಲಿ ವಿಳಾಸವನ್ನು ಕೊನೆಯಲ್ಲಿ ತುಂಬಿದರೆ ಅರೆಬರೆ ಮೇಲ್ ಕೈತಪ್ಪಿ ಹೋಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ Undo Send ಅವಧಿಯನ್ನು 30 ಸೆಕೆಂಡಿಗೆ ಏರಿಸಿಟ್ಟುಕೊಳ್ಳಿ. ಹೆಸರಿನ ಕಾಗುಣಿತದ ತಪ್ಪು ಕಣ್ಣಿಗೆ ಬೀಳುವುದು ಹೆಚ್ಚಾಗಿ ಕಳುಹಿಸಿದ ಮರುಕ್ಷಣವೇ.

ಕೆಲವು ಕಡೆ ಈ ಮೇಲ್ ಬರೆಯಲೇಬಾರದು. ಸರ್ಕಾರಿ ಹುದ್ದೆಗಳು, ಸಾರ್ವಜನಿಕ ಉದ್ಯಮಗಳು, ವಿಶ್ವವಿದ್ಯಾಲಯಗಳ ನೇಮಕಾತಿ ಅಧಿಸೂಚನೆಗಳಲ್ಲಿ ಯಾವುದೇ ರೂಪದಲ್ಲಿ ಪ್ರಭಾವ ಬೀರಲು ಯತ್ನಿಸಿದರೆ ಅನರ್ಹಗೊಳಿಸಲಾಗುವುದು ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಆಯ್ಕೆ ಸಮಿತಿಯ ಸದಸ್ಯರಿಗೆ ವೈಯಕ್ತಿಕವಾಗಿ ಬರೆಯುವುದನ್ನು ಹಾಗೆ ಅರ್ಥೈಸಬಹುದು. ಅಧಿಸೂಚನೆಯನ್ನು ಇನ್ನೊಮ್ಮೆ ಓದಿ, ಅನುಮಾನವಿದ್ದರೆ ಸುಮ್ಮನಿರಿ.

ಇಂಗ್ಲಿಷಿನಲ್ಲಿ ಬರೆಯಬೇಕಾದಾಗ

ಸಂದರ್ಶನ ಇಂಗ್ಲಿಷಿನಲ್ಲಿ ನಡೆದಿದ್ದರೆ ಮೇಲ್ ಕೂಡ ಇಂಗ್ಲಿಷಿನಲ್ಲೇ ಹೋಗಬೇಕು. ಆಗಲೂ ಮೊದಲು ಕನ್ನಡದಲ್ಲಿ ಯಾರಿಗಾದರೂ ಹೇಳಿ ನೋಡಿ. ನಮ್ಮಲ್ಲಿ ಬಹಳ ಮಂದಿಗೆ ಯೋಚನೆ ಕನ್ನಡದಲ್ಲಿ ನಡೆಯುತ್ತದೆ, ಇಂಗ್ಲಿಷಿಗೆ ಕೈಹಚ್ಚಿದೊಡನೆ ಸಿದ್ಧ ವಾಕ್ಯಗಳು ಬಂದು ಆ ಯೋಚನೆಯನ್ನು ಮುಚ್ಚುತ್ತವೆ. ನಮ್ಮ ಸಂಸ್ಥೆಗೆ ಬಂದ ಮೇಲ್ ಒಂದು ನೆನಪಿದೆ. ದತ್ತಾಂಶ ನಮೂದಿಸುವ ಹುದ್ದೆಗೆ ಬಂದಿದ್ದ ಹುಡುಗ. ಅವನ ಇಂಗ್ಲಿಷಿನಲ್ಲಿ ಎರಡು ವ್ಯಾಕರಣದ ತಪ್ಪುಗಳಿದ್ದವು. ಆದರೆ ಅವನು ಬರೆದದ್ದು, ಹಳ್ಳಿಯ ಹೆಸರುಗಳನ್ನು ನಾಲ್ಕು ಬಗೆಯಲ್ಲಿ ಬರೆಯುವುದರಿಂದ ನಿಮ್ಮ ಪಟ್ಟಿಗಳು ಹೊಂದುವುದಿಲ್ಲ ಎಂದಿರಿ, ನನ್ನ ತಾಲ್ಲೂಕಿನ ಒಂದು ಊರಿಗೇ ಮೂರು ಕಾಗುಣಿತಗಳನ್ನು ಮನೆಯ ಕಾಗದಗಳಲ್ಲೇ ಕಂಡೆ ಎಂದು. ಪಡಿತರ ಚೀಟಿಯಲ್ಲಿ ಒಂದು, ಪಹಣಿಯಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು. ಆ ಮೂರನ್ನೂ ಬರೆದು ಕಳುಹಿಸಿದ್ದ. ವ್ಯಾಕರಣದ ಬಗ್ಗೆ ಸಮಿತಿಯಲ್ಲಿ ಯಾರೂ ಮಾತೆತ್ತಲಿಲ್ಲ.

ಕಳುಹಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಕಂಪನಿಯ ಹೆಸರನ್ನೂ ಸಂದರ್ಶಕರ ಹೆಸರನ್ನೂ ಕೈಯಿಂದ ಮುಚ್ಚಿಕೊಂಡು ಓದಿ. ಇದೇ ಮೇಲ್ ಅನ್ನು ಹೋದ ವಾರ ಸಂದರ್ಶನ ಕೊಟ್ಟ ಇನ್ನೊಂದು ಕಡೆಗೂ ಕಳುಹಿಸಬಹುದು ಅನ್ನಿಸಿದರೆ ಆಡಿದ ಮಾತು ಇನ್ನೂ ಒಳಗೆ ಬಂದಿಲ್ಲ. ಟಿಪ್ಪಣಿಗೆ ಮರಳಿ ಹೋಗಿ, ಅವರ ಬಾಯಿಂದ ಬಂದ ಒಂದು ಪದವನ್ನಾದರೂ ಹಾಗೆಯೇ ತನ್ನಿ.

ಕಳುಹಿಸಿದ ಮೇಲೆ

ಉತ್ತರ ಬರದಿದ್ದರೆ ಅದಕ್ಕೆ ಅರ್ಥ ಹಚ್ಚಬೇಡಿ. ಧನ್ಯವಾದದ ಮೇಲ್‌ಗೆ ಉತ್ತರಿಸದಿರುವುದೇ ಹೆಚ್ಚು. ನಾವೂ ಬಹುಪಾಲು ಉತ್ತರಿಸುತ್ತಿರಲಿಲ್ಲ, ಓದಿ ಕಡತಕ್ಕೆ ಸೇರಿಸುತ್ತಿದ್ದೆವು. ಆಯ್ಕೆ ನಿಂತಿರುವುದು ಸಂದರ್ಶನದ ಮೇಲೆ. ಇಬ್ಬರು ಹತ್ತಿರ ಹತ್ತಿರ ನಿಂತಾಗ ಇಂತಹ ಮೇಲ್ ಒಬ್ಬರನ್ನು ಮತ್ತೆ ನೆನಪಿಗೆ ತರಬಹುದು, ಅಷ್ಟೇ. ಅವರು ಹೇಳಿದ ಅವಧಿ ಮುಗಿದು ಮೂರು ನಾಲ್ಕು ಕೆಲಸದ ದಿನ ಕಳೆದ ಮೇಲೆ ಅದೇ ಮೇಲ್‌ಗೆ ಮುಂದುವರಿಕೆಯಾಗಿ ಒಂದು ಸಾಲಿನಲ್ಲಿ ವಿಚಾರಿಸಬಹುದು. ಅದರಲ್ಲಿ ಹಳೆಯ ಚರ್ಚೆಯನ್ನು ಮತ್ತೆ ಎತ್ತಬೇಡಿ.

ಉತ್ತರ ಬಂದರೆ, ಕೇಳಿದ್ದಕ್ಕಷ್ಟೇ ಉತ್ತರಿಸಿ. ಅವಳಿಗೆ ನಾಲ್ಕನೆಯ ದಿನ ಮುಖ್ಯಾಧಿಕಾರಿಯಿಂದ ಒಂದು ಸಾಲು ಬಂತು: "ನಿಮ್ಮ ಊರಿನ ಡೇರಿಯಲ್ಲಿ ಬಟವಾಡೆ ದಿನ ತಪ್ಪಿದರೆ ಜನರಿಗೆ ಮೊದಲೇ ಹೇಳುತ್ತಾರೆಯೇ, ಯಾರು ಹೇಳುತ್ತಾರೆ?" ಅವಳಿಗೆ ಗೊತ್ತಿರಲಿಲ್ಲ. ಊಹಿಸಿ ಬರೆಯದೆ ಅಮ್ಮನಿಗೆ ಫೋನ್ ಮಾಡಿದಳು. ಹಿಂದಿನ ದಿನವೇ ಕಾರ್ಯದರ್ಶಿ ಹಾಲು ಅಳೆಯುವ ಹೊತ್ತಿಗೆ ಬಾಯಲ್ಲೇ ಹೇಳಿಬಿಡುತ್ತಾರೆ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ ಎಂದು ಅಕ್ಕ ಹೇಳಿದಳು. ಅದನ್ನು ಮೂರು ಸಾಲಿನಲ್ಲಿ ಬರೆದು, ಕೆಳಗೆ ಹೆಸರು ಹಾಕಿ, ಅರ್ಧ ಗಂಟೆಯೊಳಗೆ ಕಳುಹಿಸಿದಳು.